ಡಿಸ್ಚಾರ್ಜ್ ಚೀಟಿಯಿಂದ ಅಡುಗೆಮನೆ ಕ್ಯಾಲೆಂಡರ್‌ಗೆ: ಮಂಡಿ ಬದಲಿಸಿಕೊಂಡು ಬಂದ ಮೇಲಿನ ಆರು ವಾರ

(ಕೊಡಗಿನ ನಾಪೋಕ್ಲಿನಲ್ಲಿ ಹಿರಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ತಗಡಿನ ಮಾಡು ಬೇರೆ. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಮುಂದೆ ಬಂದು ಕೂರಿ.

ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಮಂಡಿ ಆಪರೇಷನ್ ಹೇಗೆ ಮಾಡುತ್ತಾರೆ, ಯಾವ ಕೀಲು ಒಳ್ಳೆಯದು ಅನ್ನುವುದನ್ನು ನಾನು ಹೇಳುವುದಿಲ್ಲ, ಅದು ಸರ್ಜನ್ ಕೆಲಸ. ಆಪರೇಷನ್ ಮುಗಿಸಿಕೊಂಡು ಕಾರಿನಿಂದ ಇಳಿದ ಮೇಲೆ, ಕೈಯಲ್ಲಿರುವ ಆ ಒಂದು ಚೀಟಿಯನ್ನು ಏನು ಮಾಡಬೇಕು ಅನ್ನುವುದಷ್ಟೇ ಇವತ್ತಿನ ವಿಷಯ. ಒಂದೇ ಮನೆಯ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾರೆ. ನಾವು ಅವರನ್ನು ಅಮ್ಮ ಅಂತಲೇ ಕರೆಯೋಣ.

ಅಮ್ಮನಿಗೆ ಅರವತ್ತಾರು. ಬಲ ಮಂಡಿ ಪೂರ್ತಿ ಸವೆದಿತ್ತು. ಕಕ್ಕಡ ತಿಂಗಳಲ್ಲಿ ತೋಟದ ಕೆಲಸ ಕಡಿಮೆ, ಮಗ ಮನೆಯಲ್ಲಿರುತ್ತಾನೆ ಎಂಬ ಲೆಕ್ಕದಲ್ಲಿ ಜುಲೈ 14ರ ಸೋಮವಾರ ಮೈಸೂರಿನಲ್ಲಿ ಆಪರೇಷನ್ ಮಾಡಿಸಿದರು. 18ಕ್ಕೆ ಮನೆಗೆ ಬಂದರು. ನನ್ನನ್ನು ಕರೆದದ್ದು 21ಕ್ಕೆ. ಅಂದರೆ ಮೂರು ದಿನ ಅವರೇ ಚೀಟಿ ನೋಡಿಕೊಂಡು ನಡೆಸಿದ್ದರು.

ಆ ಚೀಟಿಯಲ್ಲಿ ಕೊನೆಯ ಪುಟದ ಸಲಹೆಗಳು ಇಂಗ್ಲಿಷಿನಲ್ಲಿ ಹತ್ತೊಂಬತ್ತು ಸಾಲು. ಮಾತ್ರೆ, ನಡಿಗೆ, ಗಾಯ, ಊಟ, ಮತ್ತೆ ಮಾತ್ರೆ, ಎಲ್ಲ ಕಲಸಿಹೋಗಿತ್ತು. ಒಂದು ಕಡೆ ಕಾಲನ್ನು ದಿಂಬಿನ ಮೇಲೆ ಎತ್ತಿಡಿ ಅಂತಿದೆ. ನಾಲ್ಕು ಸಾಲು ಕೆಳಗೆ ಮಂಡಿ ಅಡಿಗೆ ದಿಂಬು ಇಡಬೇಡಿ ಅಂತಿದೆ. ಓದಿದವರು ಏನು ಮಾಡಬೇಕು? ಅವರು ಮೊದಲನೆಯದನ್ನು ಹಿಡಿದುಕೊಂಡರು. ಮಂಡಿ ಅಡಿಗೆ ಒಳ್ಳೆಯ ದಪ್ಪ ಹತ್ತಿ ದಿಂಬು ಇಟ್ಟರು. ಅಮ್ಮನಿಗೆ ಹಾಯೆನಿಸಿತು. ಮೂರು ದಿನ ಹಗಲು ರಾತ್ರಿ ಹಾಗೇ ಮಲಗಿದರು.

ಇನ್ನೊಂದು ಸಾಲು ನೋಡಿ. ನೋವಿನ ಮಾತ್ರೆಯ ಮುಂದೆ ಎಸ್‌ಒಎಸ್ ಅಂತ ಬರೆದಿತ್ತು. ಡಾಕ್ಟರ ಭಾಷೆಯಲ್ಲಿ ಅದಕ್ಕೆ 'ಬೇಕೆನಿಸಿದಾಗ' ಅಂತ ಅರ್ಥ. ಮಗ ಅದನ್ನು ಹಡಗು ಮುಳುಗುವಾಗ ಕಳಿಸುವ ಸಂಕೇತ ಅಂದುಕೊಂಡರು! ಪ್ರಾಣ ಹೋಗುವ ಹಾಗಾದರೆ ಮಾತ್ರ ಕೊಡಬೇಕೆಂದು ಮಾತ್ರೆಯನ್ನು ದೇವರ ಕೋಣೆಯ ಕಪಾಟಿನಲ್ಲಿ ಎತ್ತಿಟ್ಟಿದ್ದರು. ಅಮ್ಮ ಹಲ್ಲುಕಚ್ಚಿ ಸಹಿಸಿದರು. ನೋವಿಗೆ ವ್ಯಾಯಾಮ ಆಗಲಿಲ್ಲ. ವ್ಯಾಯಾಮ ಆಗದ್ದಕ್ಕೆ ಮಂಡಿ ಬಿಗಿಯಿತು. ಬಿಗಿದದ್ದಕ್ಕೆ ನೋವು ಹೆಚ್ಚಿತು.

ಇದರಲ್ಲಿ ಆ ಮನೆಯವರ ತಪ್ಪೇನೂ ಇಲ್ಲ. ಆಸ್ಪತ್ರೆಯಿಂದ ಹೊರಡುವ ಗಡಿಬಿಡಿಯಲ್ಲಿ, ಬಿಲ್ ಕೌಂಟರಿನ ಮುಂದೆ ನಿಂತು ಕೇಳಿಸಿಕೊಂಡದ್ದು ಎಷ್ಟು ನೆನಪಿರುತ್ತದೆ?

ಅವತ್ತು ನಾವು ಮೊದಲು ಮಾಡಿದ್ದು ವ್ಯಾಯಾಮ ಅಲ್ಲ. ಅಡುಗೆಮನೆಯಲ್ಲಿ ನೇತುಹಾಕಿದ್ದ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಹರಡಿದೆವು. ಜುಲೈ 14ರ ಚೌಕದಲ್ಲಿ ಸೊನ್ನೆ ಬರೆದೆವು. ಎಣಿಕೆ ಯಾವಾಗಲೂ ಆಪರೇಷನ್ ದಿನದಿಂದ ಶುರು, ಮನೆಗೆ ಬಂದ ದಿನದಿಂದ ಅಲ್ಲ. ಇದನ್ನು ಎಷ್ಟು ಜನ ತಪ್ಪು ಮಾಡುತ್ತಾರೆ ಅಂದರೆ, 'ಎರಡು ವಾರಕ್ಕೆ ಹೊಲಿಗೆ ತೆಗೆಯಿರಿ' ಅಂದಿದ್ದನ್ನು ಮನೆಗೆ ಬಂದ ದಿನದಿಂದ ಎಣಿಸಿ ಹದಿನೆಂಟನೇ ದಿನಕ್ಕೆ ಹೋದವರನ್ನು ನೋಡಿದ್ದೇನೆ. ಮೊಮ್ಮಗಳು ಪ್ರತಿ ಚೌಕದ ಮೂಲೆಯಲ್ಲಿ ಕೆಂಪು ಪೆನ್ನಿನಿಂದ 1, 2, 3 ಅಂತ ಬರೆಯುತ್ತಾ ಹೋದಳು. 28ನೇ ತಾರೀಖಿಗೆ ಹದಿನಾಲ್ಕು ಬಂತು, ಆಗಸ್ಟ್ 25ಕ್ಕೆ ನಲವತ್ತೆರಡು.

ಆಮೇಲೆ ಚೀಟಿಯ ಒಂದೊಂದು ಸಾಲನ್ನೂ ಎತ್ತಿಕೊಂಡು ಎರಡೇ ಪ್ರಶ್ನೆ ಕೇಳಿದೆವು. ಇದು ಯಾವ ದಿನದಿಂದ? ಯಾವ ದಿನದವರೆಗೆ? ಎರಡಕ್ಕೂ ಉತ್ತರ ಇದ್ದರೆ ಕ್ಯಾಲೆಂಡರ್‌ಗೆ ಹೋಯಿತು. ವ್ಯಾಯಾಮ ನೀಲಿ, ಗಾಯ ಹಸಿರು. 'ಹೀಗಾದರೆ ಫೋನ್ ಮಾಡಿ' ಅನ್ನುವ ಸಾಲುಗಳಿಗೆ ತಾರೀಖು ಇರುವುದಿಲ್ಲ, ಅವನ್ನು ಬೇರೆ ಹಾಳೆಯಲ್ಲಿ ಬರೆದು ಫೋನ್ ಇಡುವ ಜಾಗದಲ್ಲಿ ಅಂಟಿಸಿದೆವು. ಉತ್ತರ ಸಿಗದೆ ಉಳಿದದ್ದು ಮೂರು ಸಾಲು. ರಕ್ತ ತೆಳುವಾಗಿಸುವ ಮಾತ್ರೆ ಎಲ್ಲಿವರೆಗೆ? ಗಾಯಕ್ಕೆ ನೀರು ಯಾವಾಗ ತಾಗಿಸಬಹುದು? ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡುವುದು? ಆ ಮೂರನ್ನೂ ಬರೆದುಕೊಂಡು ಒಂದೇ ಸಲ ಸರ್ಜನ್ ಕಡೆಯವರಿಗೆ ಫೋನ್ ಮಾಡಿ ಕೇಳಿದೆವು. ಐದು ನಿಮಿಷದಲ್ಲಿ ಮುಗಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಇವತ್ತು ಹೇಳುವ ದಿನ, ಲೆಕ್ಕ ಎಲ್ಲ ಸಾಮಾನ್ಯವಾಗಿ ನಡೆಯುವುದು. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ಮೇಲು. ಆಪರೇಷನ್ ವೇಳೆ ಮೂಳೆ ಬಿರುಕು ಬಿಟ್ಟಿದ್ದರೆ, ಇಲ್ಲವೇ ಇದು ಎರಡನೇ ಸಲದ ಆಪರೇಷನ್ ಆಗಿದ್ದರೆ, ಕಾಲಿನ ಮೇಲೆ ಭಾರ ಹಾಕುವ ಲೆಕ್ಕವೇ ಬೇರೆ. ಅದು ಅವರಿಗೆ ಗೊತ್ತು, ನನಗೆ ಗೊತ್ತಿರುವುದಿಲ್ಲ.

ಈಗ ಮೊದಲ ಎರಡು ವಾರ. ನಾನು ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ, ಯಾಕೆಂದರೆ ಕೆಡುವುದು ಇಲ್ಲಿಯೇ.

ಮನೆಗೆ ಬಂದವರೆಲ್ಲ ಕೇಳುವುದು ಒಂದೇ: 'ಮಂಡಿ ಎಷ್ಟು ಮಡಚುತ್ತದೆ?' ಯಾರೂ 'ಎಷ್ಟು ನೆಟ್ಟಗಾಗುತ್ತದೆ?' ಅಂತ ಕೇಳುವುದಿಲ್ಲ. ನಾನೂ ಅವತ್ತು ಅದೇ ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ಏಳನೇ ದಿನ ಅಮ್ಮನ ಮಂಡಿ ಎಪ್ಪತ್ತು ಡಿಗ್ರಿ ಮಡಚಿತು. ಒಳ್ಳೆಯದಾಗಿದೆ ಅಂತ ಹೊಗಳಿದೆ. ಹೊರಡುವಾಗ ಅವರು ಮಂಚದ ಮೇಲೆ ಕಾಲು ಚಾಚಿದ್ದನ್ನು ಪಕ್ಕದಿಂದ ನೋಡಿದರೆ, ಮಂಡಿಯ ಹಿಂದೆ ನನ್ನ ಅಂಗೈ ಸಲೀಸಾಗಿ ತೂರುವಷ್ಟು ಸಂದು. ಹತ್ತು ಹನ್ನೆರಡು ಡಿಗ್ರಿ ಬಾಗಿಯೇ ನಿಂತಿತ್ತು. ಆ ಮೂರು ದಿನದ ದಿಂಬಿನ ಕೆಲಸ ಅದು.

ಮಡಚುವುದು ತಡವಾಗಿಯಾದರೂ ಬರುತ್ತದೆ. ನೆಟ್ಟಗಾಗುವುದು ಮೊದಲ ವಾರಗಳಲ್ಲಿ ಬರದಿದ್ದರೆ ಆಮೇಲೆ ಬಹಳ ಕಷ್ಟ. ಮಂಡಿ ಬಾಗಿಯೇ ನಿಂತರೆ ತೊಡೆಯ ಮುಂದಿನ ಸ್ನಾಯು ಒಂದು ಕ್ಷಣವೂ ಬಿಡುವಿಲ್ಲದೆ ದೇಹ ಹೊರುತ್ತಿರಬೇಕು. ಕುಂಟು ಹೋಗುವುದಿಲ್ಲ, ಸೊಂಟ ನೋವು ಸೇರಿಕೊಳ್ಳುತ್ತದೆ. ಹಾಗಾದರೆ ಚೀಟಿಯ ಆ ಎರಡು ಸಾಲು ಒಂದಕ್ಕೊಂದು ಎದುರೇ? ಅಲ್ಲ. ಕಾಲು ಎತ್ತರದಲ್ಲಿರಬೇಕು, ಆದರೆ ದಿಂಬು ಹಿಮ್ಮಡಿ ಮತ್ತು ಮೀನಖಂಡದ ಅಡಿಗೆ ಇರಬೇಕು, ಮಂಡಿಯ ಹಿಂಭಾಗ ಗಾಳಿಯಲ್ಲಿ ಇರಬೇಕು. ಆಗ ಊತವೂ ಇಳಿಯುತ್ತದೆ, ಮಂಡಿಯೂ ತನ್ನ ಭಾರಕ್ಕೇ ನೆಟ್ಟಗಾಗುತ್ತದೆ. ಹಾಯಾಗಿ ಇರುವುದಿಲ್ಲ, ಅದಂತೂ ನಿಜ.

ಹಾಗಾಗಿ ಕ್ಯಾಲೆಂಡರಿನ ಮೊದಲ ನೀಲಿ ಸಾಲು ಇದೇ ಆಯಿತು: ಸ್ನಾನದ ಟವಲ್ ಸುತ್ತಿ ಹಿಮ್ಮಡಿ ಅಡಿಗೆ ಇಟ್ಟು ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ಹೊತ್ತು. ಅದೇ ಭಂಗಿಯಲ್ಲಿ ಮಂಡಿಯನ್ನು ಹಾಸಿಗೆ ಕಡೆಗೆ ಒತ್ತಿ ಐದು ಎಣಿಸಿ ಬಿಡುವುದು, ಹತ್ತು ಸಲ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ತನ್ನ ಕಡೆಗೆ ಎಳೆದುಕೊಂಡು ಮಂಡಿ ಮಡಚುವುದು, ಹತ್ತು ಸಲ. ಜೊತೆಗೆ ಎಚ್ಚರವಾಗಿದ್ದಷ್ಟು ಹೊತ್ತು ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹತ್ತಿಪ್ಪತ್ತು ಸಲ. ಕೊನೆಯದು ಮಂಡಿಗಲ್ಲ, ಮೀನಖಂಡದಲ್ಲಿ ರಕ್ತ ನಿಲ್ಲದಿರಲಿ ಅಂತ. ವಾಕರ್ ಹಿಡಿದು ಮನೆಯೊಳಗೆ ಐದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕೈದು ಸಲ. ಎರಡನೇ ವಾರದಲ್ಲಿ ಮಂಡಿ ಬಗ್ಗಿಸದೆ ಕಾಲನ್ನು ಒಂದು ಗೇಣು ಎತ್ತುವುದು ಸೇರಿತು. ನೋವಿನ ಮಾತ್ರೆಯನ್ನು ದೇವರ ಕೋಣೆಯಿಂದ ಇಳಿಸಿ, ಬರೆದ ಪ್ರಮಾಣ ಮೀರದಂತೆ, ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಕೊಡುವುದು ಅಂತ ಗೊತ್ತುಮಾಡಿದೆವು. ಮಾತ್ರೆಗೆ ಮಲಬದ್ಧತೆ ಆಗುತ್ತದೆ, ಅದಕ್ಕೂ ಚೀಟಿಯಲ್ಲಿ ಔಷಧ ಬರೆದಿತ್ತು, ಯಾರೂ ಗಮನಿಸಿರಲಿಲ್ಲ.

ಎಷ್ಟು ಮಡಚಿತು ಅನ್ನುವುದನ್ನು ಮನೆಯಲ್ಲಿ ಅಳೆಯಲು ನಾನು ಬಳಸುವುದು ಸೀಮೆಸುಣ್ಣ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಆಪರೇಷನ್ ಆದ ಕಾಲನ್ನು ನೆಲದ ಮೇಲೆ ಜಾರಿಸುತ್ತಾ ಹಿಂದಕ್ಕೆ ಎಳೆದುಕೊಳ್ಳಲು ಹೇಳುತ್ತೇನೆ. ಹೆಬ್ಬೆರಳು ನಿಂತಲ್ಲಿ ನೆಲಕ್ಕೊಂದು ಗೆರೆ, ಪಕ್ಕದಲ್ಲಿ ದಿನದ ಅಂಕಿ. ಕುರ್ಚಿ ಪ್ರತಿದಿನ ಅದೇ ಜಾಗದಲ್ಲಿರಬೇಕು, ಪೃಷ್ಠ ಎತ್ತಿ ಮೋಸ ಮಾಡಬಾರದು. ಅಮ್ಮನ ಮನೆಯ ಕೆಂಪು ಸಿಮೆಂಟಿನ ನೆಲದ ಮೇಲೆ 8 ಅನ್ನುವ ಗೆರೆಯಿಂದ 9ರ ಗೆರೆಗೆ ಎರಡು ಬೆರಳಿನ ಅಂತರ ಇತ್ತು. ಅದನ್ನು ನೋಡಿ ಮಗನಿಗೆ ಹುರುಪು ಬಂತು. ತೊಂದರೆ ಆದದ್ದೇ ಆ ಹುರುಪಿನಿಂದ.

ಒಂಬತ್ತನೇ ದಿನ ಸಂಜೆ ಮಗ ಅಮ್ಮನ ಕಣಕಾಲು ಹಿಡಿದು ತಾನೇ ಹಿಂದಕ್ಕೆ ತಳ್ಳಿದರು. 'ಇನ್ನೊಂದು ಚೂರು ಅಮ್ಮ, ಇನ್ನೊಂದು ಚೂರು.' ರಾತ್ರಿ ಮಂಡಿ ಕುಂಬಳಕಾಯಿ ಹಾಗೆ ಊದಿತು. ಬೆಳಗ್ಗೆ ನೋಡಿದರೆ ಡ್ರೆಸ್ಸಿಂಗ್ ಮೇಲೆ ಎಂಟಾಣೆ ಅಗಲದ ಒದ್ದೆ. ಕೆಂಪಲ್ಲ, ಒಣಹುಲ್ಲಿನ ಬಣ್ಣದ ನೀರು. ಮನೆಯಲ್ಲಿ ಗಾಬರಿ. ಪಕ್ಕದ ಮನೆಯವರು ಬಂದು, ಮೆಡಿಕಲ್‌ನಲ್ಲಿ ಕೇಳಿ ಒಂದು ಐದು ದಿನದ ಆಂಟಿಬಯೋಟಿಕ್ ಹಾಕಿಬಿಡಿ ಅಂದರು.

ಇಲ್ಲಿ ಸ್ವಲ್ಪ ಗಮನಕೊಟ್ಟು ಕೇಳಿ. ಆಪರೇಷನ್ ಆದ ಮೊದಲ ಕೆಲವು ದಿನ ಡ್ರೆಸ್ಸಿಂಗ್ ಮೇಲೆ ಅಲ್ಲಲ್ಲಿ ಕಲೆ ಸಹಜ. ಐದಾರು ದಿನ ಕಳೆದ ಮೇಲೂ ಒಸರುತ್ತಿದ್ದರೆ, ಇಲ್ಲವೇ ಒಣಗಿದ್ದ ಗಾಯ ಮತ್ತೆ ಒದ್ದೆಯಾದರೆ, ಅದು ಸರ್ಜನ್‌ಗೆ ಅವತ್ತೇ ತಿಳಿಯಬೇಕಾದ ಸುದ್ದಿ. ಒಳಗಿನಿಂದ ನೀರು ಹೊರಬರುವ ದಾರಿ ಇದೆ ಅಂದರೆ, ಹೊರಗಿನ ರೋಗಾಣುಗೂ ಒಳಗೆ ಹೋಗಲು ಅದೇ ದಾರಿ. ಒಳಗಿರುವುದು ಲೋಹ, ಪ್ಲಾಸ್ಟಿಕ್. ಅದಕ್ಕೆ ರಕ್ತ ಹರಿಯುವುದಿಲ್ಲ. ರೋಗಾಣು ಅದರ ಮೇಲೆ ಪೊರೆ ಕಟ್ಟಿಕೊಂಡು ಕೂತರೆ ಮಾತ್ರೆಯಿಂದ ಅಲ್ಲಾಡುವುದಿಲ್ಲ. ಆಂಟಿಬಯೋಟಿಕ್ ಮೊದಲೇ ನುಂಗಿಬಿಟ್ಟರೆ ಇನ್ನೊಂದು ಕಷ್ಟ. ಡಾಕ್ಟರು ಮಂಡಿಯ ನೀರು ತೆಗೆದು ಲ್ಯಾಬ್‌ಗೆ ಕಳಿಸಿದಾಗ ಅಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಯಾವುದಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು, ಮೆಡಿಕಲ್‌ನವರು ಎಷ್ಟೇ ಪರಿಚಯದವರಾದರೂ ಈ ಒಂದು ವಿಷಯದಲ್ಲಿ ಅವರನ್ನು ಕೇಳಬೇಡಿ.

ಸೊಸೆ ಚುರುಕು. ಪೆನ್ನು ತೆಗೆದುಕೊಂಡು ಡ್ರೆಸ್ಸಿಂಗ್ ಮೇಲೆ ಒದ್ದೆಯ ಅಂಚಿಗೆ ಗೆರೆ ಎಳೆದು, ಪಕ್ಕದಲ್ಲಿ '24, ಬೆಳಿಗ್ಗೆ 7' ಅಂತ ಬರೆದು ಫೋಟೋ ತೆಗೆದರು. ಸರ್ಜನ್‌ಗೆ ಕಳಿಸಿದರು. ಜ್ವರ ಇದೆಯೇ, ಸುತ್ತ ಕೆಂಪಾಗಿದೆಯೇ, ವಾಸನೆ ಇದೆಯೇ, ಸಕ್ಕರೆ ಎಷ್ಟು ಅಂತ ಆ ಕಡೆಯಿಂದ ಕೇಳಿದರು. ಯಾವುದೂ ಇರಲಿಲ್ಲ, ಸಕ್ಕರೆಯೂ ಹತೋಟಿಯಲ್ಲಿತ್ತು. ಎರಡು ದಿನ ಮಡಚುವ ವ್ಯಾಯಾಮ ನಿಲ್ಲಿಸಿ, ಕಾಲು ನೆಟ್ಟಗಿಟ್ಟು ಎತ್ತಿಡಿ, ನರ್ಸ್ ಕೈಯಲ್ಲಿ ಹೊಸ ಡ್ರೆಸ್ಸಿಂಗ್ ಹಾಕಿಸಿ, ಪ್ರತಿ ಬೆಳಗ್ಗೆ ಫೋಟೋ ಕಳಿಸಿ, ನಾಡಿದ್ದು ಕೂಡ ಒದ್ದೆ ಇದ್ದರೆ ಹೊರಟು ಬನ್ನಿ ಅಂದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಒಣಗಿತು. ಒಣಗದೇ ಇದ್ದಿದ್ದರೆ ಮೈಸೂರಿಗೆ ಹೋಗಲೇಬೇಕಿತ್ತು, ಕೆಲವೊಮ್ಮೆ ಗಾಯ ಬಿಚ್ಚಿ ತೊಳೆಯಬೇಕಾಗುತ್ತದೆ. ಬೇಗ ತೊಳೆದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಅಳತೆಯನ್ನೂ ಇಟ್ಟುಕೊಂಡಿದ್ದೆವು. ಟೈಲರ್ ಟೇಪು. ಬೆಳಗ್ಗೆ ಎದ್ದ ಕೂಡಲೇ, ಕಾಲು ಕೆಳಗಿಳಿಸುವ ಮೊದಲು, ಮಂಡಿಚಿಪ್ಪಿನ ನಡುಮಧ್ಯಕ್ಕೆ ಟೇಪು ಸುತ್ತಿ ಸುತ್ತಳತೆ ಬರೆಯುವುದು. ಸಂಜೆ ಊತ ಇದ್ದೇ ಇರುತ್ತದೆ, ಅದಕ್ಕೆ ಬೆಲೆ ಕೊಡಬೇಡಿ. ಬೆಳಗಿನ ಅಳತೆ ನಿನ್ನೆ ಬೆಳಗಿನದಕ್ಕಿಂತ ಜಾಸ್ತಿ ಬಂದರೆ ನಿನ್ನೆ ಅತಿ ಮಾಡಿದ್ದೀರಿ ಅಂತ ಅರ್ಥ. ಅಮ್ಮನಿಗೆ ಒಂಬತ್ತನೇ ಬೆಳಗ್ಗೆ 43.5 ಸೆಂಟಿಮೀಟರ್ ಇದ್ದದ್ದು ಹತ್ತನೇ ಬೆಳಗ್ಗೆ 45 ಆಗಿತ್ತು. ಅಂಥ ದಿನ ವ್ಯಾಯಾಮ ಅರ್ಧ, ಐಸ್ ದುಪ್ಪಟ್ಟು. ನೋವು ಸಹಿಸಿದಷ್ಟು ಒಳ್ಳೆಯದು ಅನ್ನುವ ಮಾತು ನಮ್ಮಲ್ಲಿ ಬಹಳ ಇದೆ. ಮಂಡಿ ವಿಷಯದಲ್ಲಿ ಅದು ಸುಳ್ಳು, ಟೇಪು ಹೇಳುವುದೇ ನಿಜ.

ಒಬ್ಬರು ಕೇಳಿದರು: 'ಐಸ್ ಯಾಕೆ, ಬಿಸಿನೀರಿನ ಶಾಖ ಕೊಟ್ಟರೆ ಆಗದೇ? ಈ ಚಳಿಯಲ್ಲಿ ಐಸ್ ಅಂದರೆ ಮೈ ನಡುಗುತ್ತದೆ.' ಬಿಸಿ ಕೊಟ್ಟರೆ ಆ ಜಾಗಕ್ಕೆ ರಕ್ತ ಹೆಚ್ಚು ನುಗ್ಗಿ ಊತ ಏರುತ್ತದೆ. ಮೊದಲ ವಾರಗಳಲ್ಲಿ ಬೇಡ. ಐಸ್‌ಗೆ ಬಟ್ಟೆ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚಲ್ಲ. ಗಾಯದ ಹೊರಬದಿಯ ಚರ್ಮ ಮರಗಟ್ಟಿರುತ್ತದೆ, ಸುಟ್ಟರೂ ತಣ್ಣಗೆ ಕೊರೆದರೂ ಗೊತ್ತಾಗುವುದಿಲ್ಲ. ಬಿಸಿನೀರಿನ ಬ್ಯಾಗು ಇಟ್ಟು ಬೊಬ್ಬೆ ಎಬ್ಬಿಸಿಕೊಂಡವರನ್ನು ನೋಡಿದ್ದೇನೆ. ಕರೆಂಟ್ ಇಲ್ಲದೆ ಐಸ್ ಆಗದಿದ್ದರೆ ಕಾಲು ಎತ್ತಿಡುವುದೇ ಸಾಕು, ಇಲ್ಲಿ ಮಳೆಗಾಲದಲ್ಲಿ ಅದು ಎಷ್ಟು ದಿನ ಅಂತ ನಿಮಗೇ ಗೊತ್ತು.

ಹದಿನಾಲ್ಕನೇ ದಿನ, ಹೊಲಿಗೆಯ ಬದಲು ಗಾಯಕ್ಕೆ ಹಾಕಿದ್ದ ಪಿನ್ನು ತೆಗೆದರು. ಹತ್ತರಿಂದ ಹದಿನಾಲ್ಕು ದಿನದೊಳಗೆ ತೆಗೆಯುವುದು ರೂಢಿ. ಕೆಲವು ಸರ್ಜನ್‌ಗಳು ಕರಗುವ ದಾರ ಹಾಕುತ್ತಾರೆ, ಅವರಿಗೆ ಇದು ಇಲ್ಲ. ನೀರಿನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ: ಪಿನ್ನು ತೆಗೆದು ಎರಡು ದಿನ ಪೂರ್ತಿ ಒಣಗಿದ್ದರೆ ಮೇಲಿನಿಂದ ನೀರು ಹರಿಯಬಹುದು, ಉಜ್ಜಬಾರದು, ಟವಲ್ ಒತ್ತಿ ಒಣಗಿಸಬೇಕು. ಟಬ್ಬಿನಲ್ಲಿ, ಹೊಳೆಯಲ್ಲಿ ಮುಳುಗುವುದು ಆರು ವಾರದ ತಪಾಸಣೆ ಕಳೆಯುವವರೆಗೆ ಇಲ್ಲ. ಎಣ್ಣೆಯೂ ಆಗ ಕೇಳಿಕೊಂಡೇ. ಬಚ್ಚಲಲ್ಲಿ ಹಂಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಸ್ನಾನ. ಟವಲ್ ವಿಷಯ ಒಂದು: ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುವುದು ಒಲೆಯ ಮೇಲೆ, ಹೊಗೆಯಲ್ಲಿ. ಒಣಗಿದ ಹಾಗೆ ಇರುತ್ತದೆ, ಮುಗ್ಗಲು ವಾಸನೆ ಹೋಗಿರುವುದಿಲ್ಲ. ಗಾಯಕ್ಕೆ ತಾಗುವ ಟವಲ್ಲೇ ಬೇರೆ ಇರಲಿ, ಇಸ್ತ್ರಿ ಹಾಕಿ ಇಡಿ.

ಮೂರನೇ ವಾರದಲ್ಲಿ ಒಂದು ಘಟನೆ ನಡೆಯಿತು, ನೀವು ನಗುತ್ತೀರಿ. ಆಗಸ್ಟ್ 3, ಕಕ್ಕಡ ಹದಿನೆಂಟು. ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ. ಅಮ್ಮ ಎರಡು ಲೋಟ ಕುಡಿದರು. ಮರುದಿನ ಬೆಳಗ್ಗೆ ಮೂತ್ರ ಕೆಂಪು. ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ತಿಳಿಸಿ ಅಂತ ಫೋನ್ ಪಕ್ಕದ ಹಾಳೆಯಲ್ಲಿ ನಾವೇ ಬರೆದಿಟ್ಟಿದ್ದೆವು, ರಕ್ತ ತೆಳುವಾಗಿಸುವ ಮಾತ್ರೆ ಇನ್ನೂ ನಡೆಯುತ್ತಿತ್ತಲ್ಲ. ಸೊಸೆ ನನಗೆ ಫೋನ್ ಮಾಡಿದಾಗ ಧ್ವನಿ ನಡುಗುತ್ತಿತ್ತು. ನಾನು ಕೇಳಿದೆ, 'ನಿಮ್ಮದು ಯಾವ ಬಣ್ಣ ಅಕ್ಕ?' ಒಂದು ನಿಮಿಷ ಸದ್ದಿಲ್ಲ. ಆಮೇಲೆ ನಗು. ಮನೆಯವರೆಲ್ಲರದ್ದೂ ಕೆಂಪೇ. ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆ ಅನ್ನುವುದು ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೂ ಭಯದಲ್ಲಿ ಮರೆತುಹೋಗುತ್ತದೆ. ಹಾಗಂತ ಸುಮ್ಮನಿರಬೇಡಿ ಅಂದೆ. ನಾಳೆಗೆ ಬಣ್ಣ ತಿಳಿಯಾಗಬೇಕು. ಆಗದಿದ್ದರೆ, ಗಟ್ಟಿ ರಕ್ತದ ತುಣುಕು ಕಂಡರೆ, ಮಲ ಟಾರಿನ ಹಾಗೆ ಕಪ್ಪಾದರೆ, ವಸಡು ಮೂಗಿನಿಂದ ರಕ್ತ ಬಂದು ನಿಲ್ಲದಿದ್ದರೆ ಸರ್ಜನ್‌ಗೆ ಫೋನ್. ಮೈಸೂರಿನ ಡಾಕ್ಟರಿಗೆ ಈ ಪಾಯಸ ಗೊತ್ತಿರಬೇಕೆಂದಿಲ್ಲ, ಕುಡಿದದ್ದನ್ನೂ ಹೇಳಿ.

ಇದೇ ಮಾತ್ರೆ ನಡೆಯುವಾಗ ಜಿಗಣೆಯ ಕಾಟವೂ ಇದೆ. ಜಿಗಣೆ ಕಚ್ಚಿದ ಜಾಗ ಸುಮ್ಮನೇ ನಿಲ್ಲುವುದಿಲ್ಲ, ಈ ಮಾತ್ರೆ ಸೇರಿದರೆ ಇನ್ನೂ ಹೆಚ್ಚು ಹೊತ್ತು ಸೋರುತ್ತದೆ. ರಕ್ತಕ್ಕಿಂತ ನನಗೆ ಚಿಂತೆ ಆಮೇಲಿನ ತುರಿಕೆ. ಉಗುರಿನಿಂದ ಕೆರೆದು ಹುಣ್ಣಾಗಿ ಕೀವು ತುಂಬಿದರೆ, ಅಲ್ಲಿಂದ ರೋಗಾಣು ರಕ್ತಕ್ಕೆ ಸೇರಿ ಮಂಡಿಯ ಕೀಲಿಗೆ ಹೋಗಿ ಕೂರಬಹುದು. ಕಾಲಿನ ಒಡಕು, ಬೆರಳ ಸಂದಿಯ ಕೆಸರುಹುಣ್ಣು ಎಲ್ಲಕ್ಕೂ ಇದೇ ಮಾತು. ಅದಕ್ಕೇ ಮಳೆ ನಿಲ್ಲುವವರೆಗೆ ಅಮ್ಮನ ನಡಿಗೆ ಜಗಲಿಯಲ್ಲೇ. ಪಾಚಿ ಕಟ್ಟಿದ ಅಂಗಳಕ್ಕೆ ಕಾಲಿಡಬಾರದು ಅಂತ ಬಾಗಿಲಿಗೆ ಅಡ್ಡ ಬೆಂಚು ಹಾಕಿದ್ದರು.

ಈಗ ಫೋನ್ ಪಕ್ಕದ ಹಾಳೆ. ಅದರಲ್ಲಿ ಮೂರು ಭಾಗ ಇತ್ತು. ಮೇಲೆ, ದಪ್ಪ ಅಕ್ಷರದಲ್ಲಿ: ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ, ತಲೆ ತಿರುಗಿ ಬಿದ್ದರೆ 108. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಆಪರೇಷನ್ ಮಾಡಿದವರನ್ನೇ ಹುಡುಕಿಕೊಂಡು ಮೈಸೂರಿಗೆ ಹೊರಡಬೇಡಿ. ಅದು ಮೂರೂವರೆ ನಾಲ್ಕು ಗಂಟೆಯ ದಾರಿ, ಮಳೆಗಾಲದಲ್ಲಿ ಮರ ಬಿದ್ದರೆ ಇನ್ನೂ ಹೆಚ್ಚು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಹತ್ತಿರ, ಅಲ್ಲಿಗೆ ಹೋಗಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ.

ನಡುವಿನ ಭಾಗ, ಅವತ್ತೇ ಫೋನ್ ಮಾಡಬೇಕಾದದ್ದು. ಗಾಯ ಒಸರುವುದು, ಸುತ್ತಲಿನ ಕೆಂಪು ದಿನೇ ದಿನೇ ಹರಡುವುದು, ಕೀವು. ಜ್ವರ 100.4 ಫ್ಯಾರನ್‌ಹೀಟ್ ದಾಟುವುದು, ಚಳಿ ನಡುಕ. ಕಡಿಮೆಯಾಗುತ್ತಿದ್ದ ನೋವು ತಿರುಗಿ ಏರುವುದು. ಬಿದ್ದುಬಿಡುವುದು. ನಿನ್ನೆ ಎತ್ತುತ್ತಿದ್ದ ಕಾಲನ್ನು ಇವತ್ತು ನೆಟ್ಟಗೆ ಎತ್ತಲಾಗದಿರುವುದು, ಅದು ಸ್ನಾಯುವಿನ ನಾರು ಹರಿದ ಲಕ್ಷಣ ಇರಬಹುದು. ಮತ್ತೆ ಮೀನಖಂಡ. ಇಡೀ ರಾತ್ರಿ ಕಾಲು ಎತ್ತಿಟ್ಟರೂ ಬೆಳಗ್ಗೆ ಮೀನಖಂಡದ ಊತ ಇಳಿಯದಿದ್ದರೆ, ಒತ್ತಿದರೆ ನೋವಿದ್ದರೆ, ಇನ್ನೊಂದು ಕಾಲಿಗಿಂತ ಟೇಪಿನಲ್ಲಿ ಮೂರು ಸೆಂಟಿಮೀಟರ್ ಹೆಚ್ಚಿದ್ದರೆ, ರಕ್ತನಾಳದಲ್ಲಿ ಹೆಪ್ಪು ಇದೆಯೇ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಬೇಕಾಗಬಹುದು. ಟೇಪು ಹೇಳುವುದು ಅನುಮಾನ ಮಾತ್ರ, ಅಳತೆ ಸರಿಯಿದ್ದರೂ ಹೆಪ್ಪು ಇರಬಹುದು. ಅಂಥ ಕಾಲಿಗೆ ಎಣ್ಣೆ ಹಚ್ಚಿ ನೀವಬೇಡಿ. ನಮ್ಮಲ್ಲಿ ಪ್ರೀತಿ ತೋರಿಸುವ ರೀತಿಯೇ ಕಾಲು ನೀವುವುದು, ಆದರೂ ಬೇಡ.

ಕೆಳಗಿನ ಭಾಗ, ಗಾಬರಿ ಬೇಡವಾದದ್ದು. ತೊಡೆಯಿಂದ ಕಣಕಾಲಿನವರೆಗೆ ಇಳಿಯುವ ನೀಲಿ ಹಳದಿ ಕಲೆ, ಗಾಯದ ಹೊರಬದಿಯ ಮರಗಟ್ಟುವಿಕೆ, ನಡೆಯುವಾಗ ಟಿಕ್ ಎನ್ನುವ ಸದ್ದು, ಮುಟ್ಟಿದರೆ ಬೆಚ್ಚಗೆ. ಈ ಬೆಚ್ಚಗಿರುವುದು ತಿಂಗಳುಗಟ್ಟಲೆ ಇರುತ್ತದೆ. ಬೆಚ್ಚಗಿದ್ದೂ ಕೆಂಪು ಹರಡದೆ, ನೋವು ಏರದೆ ಇದ್ದರೆ ಅದು ವಾಸಿಯಾಗುವ ಬಿಸಿ. ಇವನ್ನು ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ಕೇಳಿದರೆ ಸಾಕು.

ಉಳಿದ ವಾರಗಳದ್ದು ಬೇಗ ಹೇಳುತ್ತೇನೆ, ಇಲ್ಲಿ ಕೆಡುವುದು ಕಡಿಮೆ. ಮೂರು ನಾಲ್ಕನೇ ವಾರ ಜಗಲಿಯ ಎರಡು ಮೆಟ್ಟಿಲು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ವಾಕರ್ ಬಿಟ್ಟು ಕೋಲು ಹಿಡಿದಾಗ ಕೋಲು ಎಡಗೈಯಲ್ಲಿ, ಅಂದರೆ ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ. ಅಮ್ಮ ಬಲಗೈಯಲ್ಲೇ ಹಿಡಿಯುತ್ತಿದ್ದರು, ಬಿಡಿಸಲು ಒಂದು ವಾರ ಬೇಕಾಯಿತು. ಐದು ಆರನೇ ವಾರ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳಲು ಕಲಿಯುವುದು, ದಿನಕ್ಕೆರಡು ಸಲ ಇಪ್ಪತ್ತು ಮೂವತ್ತು ನಿಮಿಷದ ನಡಿಗೆ. ಹಿಮ್ಮಡಿ ಅಡಿಯ ಟವಲ್ ಮಾತ್ರ ಆರು ವಾರವೂ ಬಿಡಲಿಲ್ಲ.

ನಲವತ್ತೆರಡನೇ ದಿನ ಸರ್ಜನ್ ಅಳೆದಾಗ ಮಡಚುವುದು 105 ಡಿಗ್ರಿ, ನೆಟ್ಟಗಾಗಲು ಇನ್ನೂ ಮೂರು ಡಿಗ್ರಿ ಬಾಕಿ. ಕುರ್ಚಿಯಿಂದ ಏಳಲು, ಮೆಟ್ಟಿಲು ಇಳಿಯಲು ತೊಂಬತ್ತರಿಂದ ನೂರರ ಆಸುಪಾಸು ಬೇಕು, ಹಾಗಾಗಿ ಸಾಕಷ್ಟಾಯಿತು. ಆರು ವಾರಕ್ಕೂ ತೊಂಬತ್ತು ದಾಟದಿದ್ದರೆ ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸುವ ವಿಚಾರವನ್ನು ಸರ್ಜನ್ ಮಾಡಬಹುದು. ಅದನ್ನು ಮಾಡುವುದಾದರೆ ಮೊದಲ ಮೂರು ತಿಂಗಳೊಳಗೆ ಒಳ್ಳೆಯದು, ಆಮೇಲೆ ಒಳಗಿನ ಗಾಯದ ನಾರು ಗಟ್ಟಿಯಾಗಿಬಿಡುತ್ತದೆ. ಮಳೆ ಜೋರು, ರಸ್ತೆ ಸರಿಯಿಲ್ಲ ಅಂತ ಆ ಭೇಟಿ ಮುಂದೂಡಬೇಡಿ ಅನ್ನುವುದು ಇದಕ್ಕೇ.

ಕೊನೆಗೆ ಒಬ್ಬರು ತಾತ ಕೇಳಿದರು: 'ಕೈಲ್‌ಪೊದ್ ಹಬ್ಬಕ್ಕೆ ನೆಲದ ಮೇಲೆ ಕೂತು ಊಟ ಮಾಡಬಹುದೇ?' ಸೆಪ್ಟೆಂಬರ್ 3 ಅಂದರೆ ಅಮ್ಮನಿಗೆ ಐವತ್ತೊಂದನೇ ದಿನ. ಇಲ್ಲ ತಾತ, ಆಗಲಿಲ್ಲ. ಅಷ್ಟು ಮಡಚಲು ಬರುವುದಿಲ್ಲ, ಬಂದರೂ ಹಾಗೆ ಕೂರಬೇಡಿ ಅಂತಲೇ ಸರ್ಜನ್ ಹೇಳಿದ್ದರು. ಅವರು ಕುರ್ಚಿಯಲ್ಲೇ ಕೂತು ಉಂಡರು. ಅವತ್ತು ನಾನೂ ಅಲ್ಲಿದ್ದೆ. ಹಬ್ಬಕ್ಕೆ ಮನೆಯೆಲ್ಲ ಸಾರಿಸಿ ಒರೆಸಿದ್ದರು, ಆ ಗೋಡೆಯ ಬುಡದ ಕೆಂಪು ನೆಲದ ಮೇಲೆ ಮಾತ್ರ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಯಾಕೆ ಅಳಿಸಲಿಲ್ಲ ಅಂತ ಕೇಳಿದೆ. 'ಎಡ ಮಂಡಿ ಬಾಕಿ ಇದೆಯಲ್ಲ' ಅಂದರು ಅಮ್ಮ.